ಆರು ವರ್ಷದ ಮಕ್ಕಳಿಗೆ ಚಿತ್ರಕಥೆ ಬರೆಯುವುದು ಹೇಗೆ? ‘ಟೋಪಿ ಎಲ್ಲಿ?’ ಎಂಬ ಕಥೆಯನ್ನು ಕಟ್ಟುತ್ತಾ ಒಂದು ಮಾರ್ಗದರ್ಶಿ

ಒಂದನೆಯ ತರಗತಿಯ ಶಿಕ್ಷಕರಿಂದಲೂ ಮನೆಯಲ್ಲಿ ಮಕ್ಕಳಿಗೆ ಕನ್ನಡ ಓದಿಸುವ ತಂದೆತಾಯಿಯರಿಂದಲೂ ಪದೇ ಪದೇ ಬರುವ ಪ್ರಶ್ನೆ ಒಂದೇ. ಮಗುವಿಗೆ ಅಕ್ಷರಗಳು ಗೊತ್ತು, ಬಿಡಿ ಪದಗಳನ್ನೂ ಓದುತ್ತದೆ, ಆದರೆ ಅಂಗಡಿಯಿಂದ ತಂದ ಕಥೆಪುಸ್ತಕವನ್ನು ಕೈಗೆ ಕೊಟ್ಟರೆ ಎರಡನೆಯ ಸಾಲಿಗೇ ನಿಂತುಬಿಡುತ್ತದೆ. ಅಂಥ ಮಗುವಿಗಾಗಿ ನಾವೇ ಒಂದು ಚಿಕ್ಕ ಕಥೆಯನ್ನು ಬರೆದು, ಚಿತ್ರ ಹಾಕಿ, ಕೊನೆಗೆ ಪ್ರಶ್ನೆ ಕೇಳುವುದು ಹೇಗೆ? ಈ ಲೇಖನದಲ್ಲಿ ಅಂಥ ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ತೋರಿಸಿದ್ದೇನೆ. ನೀವು ಇದೇ ಕಥೆಯನ್ನು ಬಳಸಬಹುದು, ಅಥವಾ ಇದೇ ಹಂತಗಳನ್ನು ಹಿಡಿದು ನಿಮ್ಮ ಊರಿನ, ನಿಮ್ಮ ಮನೆಯ ಕಥೆಯನ್ನು ಬರೆಯಬಹುದು.

ಕಥೆ ಎಷ್ಟು ಸುಲಭವಾಗಿರಬೇಕು ಎಂಬುದಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಜುಲೈನಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಕಾರ್ಯಕ್ರಮವು ಒಂದನೆಯ ತರಗತಿ ಮುಗಿಸುವ ಮಗುವಿಗೆ ಇಟ್ಟಿರುವ ಗುರಿಯೆಂದರೆ, ತಾನು ಮೊದಲು ಕಂಡಿರದ, ತನ್ನ ವಯಸ್ಸಿಗೆ ತಕ್ಕ ಪಠ್ಯದಲ್ಲಿ ನಾಲ್ಕೈದು ಸರಳ ಪದಗಳಿರುವ ಚಿಕ್ಕ ವಾಕ್ಯಗಳನ್ನು ಓದುವುದು. ನಮ್ಮ ಕಥೆಯ ವಾಕ್ಯಗಳು ಈ ಮಿತಿಯನ್ನು ದಾಟಬಾರದು. ಒಟ್ಟು ಕಥೆ ಆರು ಚಿತ್ರ, ಅರವತ್ತರಿಂದ ಎಪ್ಪತ್ತು ಪದಗಳೊಳಗೆ ಮುಗಿಯಲಿ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಬಿಳಿ ಹಾಳೆಗಳು, ಬಣ್ಣದ ಪೆನ್ಸಿಲ್ಲುಗಳು, ದಪ್ಪನೆಯ ಕಪ್ಪು ಸ್ಕೆಚ್ ಪೆನ್ನು, ಮತ್ತು ಮಗುವಿಗೆ ಈವರೆಗೆ ಕಲಿಸಿರುವ ಅಕ್ಷರಗಳ ಪಟ್ಟಿ. ಈ ಕೊನೆಯದನ್ನು ಬಹುತೇಕರು ಮರೆಯುತ್ತಾರೆ, ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

1. ಮಗುವಿಗೆ ಗೊತ್ತಿರುವ ಅಕ್ಷರಗಳನ್ನು ಪಟ್ಟಿ ಮಾಡಿ

ಎಲ್ಲ ಮಕ್ಕಳೂ ಅ, ಆ, ಇ, ಈ ಎಂಬ ಕ್ರಮದಲ್ಲಿಯೇ ಅಕ್ಷರ ಕಲಿಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಅಕ್ಷರಗಳನ್ನು. ಈ ಅಕ್ಷರಗಳಿಂದ ಕೂಡಲೇ ಪದಗಳನ್ನು ಕಟ್ಟಬಹುದು ಎಂಬುದು ಅದರ ಲಾಭ. ನಿಮ್ಮ ಮಗು ಯಾವ ಕ್ರಮದಲ್ಲಿ ಕಲಿಯುತ್ತಿದೆ, ಯಾವ ಅಕ್ಷರದವರೆಗೆ ಬಂದಿದೆ ಎಂಬುದನ್ನು ಅದರ ಶಿಕ್ಷಕರನ್ನು ಕೇಳಿ ಬರೆದುಕೊಳ್ಳಿ.

ಪಟ್ಟಿಯಲ್ಲಿ ಮೂರು ವಿಷಯಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಮೊದಲನೆಯದು ಮೂಲಾಕ್ಷರಗಳು, ಅಂದರೆ ಅ, ಕ, ಮ, ರ ಮೊದಲಾದ ಬಿಡಿ ಅಕ್ಷರಗಳು. ಎರಡನೆಯದು ಗುಣಿತಾಕ್ಷರಗಳು, ಅಂದರೆ ಕಾ, ಕಿ, ಕು, ಕೋ ಎಂಬಂತೆ ಸ್ವರದ ಗುರುತು ಸೇರಿದವು. ಮೂರನೆಯದು ಒತ್ತಕ್ಷರಗಳು, ಅಂದರೆ ಒಂದು ವ್ಯಂಜನದ ಕೆಳಗೆ ಇನ್ನೊಂದು ವ್ಯಂಜನ ಸೇರಿದವು. ಒತ್ತಕ್ಷರಗಳಲ್ಲಿಯೂ ಎರಡು ಬಗೆಗಳಿವೆ. ‘ಅಕ್ಕ’, ‘ಅಪ್ಪ’ ಎಂಬಲ್ಲಿ ಇರುವಂತೆ ಅದೇ ಅಕ್ಷರ ತನ್ನ ಕೆಳಗೆ ತಾನೇ ಬಂದರೆ ಅದು ಸಜಾತೀಯ ಒತ್ತಕ್ಷರ. ‘ಪುಸ್ತಕ’, ‘ಸೂರ್ಯ’ ಎಂಬಲ್ಲಿ ಇರುವಂತೆ ಬೇರೆ ಅಕ್ಷರ ಬಂದರೆ ಅದು ವಿಜಾತೀಯ ಒತ್ತಕ್ಷರ. ಎರಡನೆಯ ಬಗೆ ಆರು ವರ್ಷದ ಮಗುವಿಗೆ ಬಹಳ ಕಷ್ಟ, ಏಕೆಂದರೆ ಕೆಳಗಿನ ಗುರುತು ಎಷ್ಟೋ ಸಲ ಮೂಲಾಕ್ಷರದ ಆಕಾರವನ್ನು ಹೋಲುವುದೇ ಇಲ್ಲ.

ಒತ್ತಕ್ಷರವೇ ಇಲ್ಲದ ಕಥೆ ಬರೆಯುತ್ತೇನೆ ಎಂದು ಹೊರಡಬೇಡಿ. ಅಮ್ಮ, ಅಪ್ಪ, ಅಜ್ಜ, ಅಜ್ಜಿ, ಅಣ್ಣ, ಅಕ್ಕ ಎಂಬ ಮನೆಯ ಹೆಸರುಗಳೆಲ್ಲವೂ ಒತ್ತಕ್ಷರದವು, ‘ಎಲ್ಲಿ’ ಎಂಬ ಪ್ರಶ್ನೆಯೂ ಒತ್ತಕ್ಷರದ್ದೇ. ಅವನ್ನು ಬಿಟ್ಟು ಬರೆದ ಕಥೆಯಲ್ಲಿ ಮನುಷ್ಯರೇ ಉಳಿಯುವುದಿಲ್ಲ. ಇಂಥ ಪದಗಳನ್ನು ಮಗು ಅಕ್ಷರ ಬಿಡಿಸಿ ಓದದೆ ಇಡೀ ಪದವಾಗಿ ಗುರುತಿಸುತ್ತದೆ, ಆದ್ದರಿಂದ ಸಜಾತೀಯ ಒತ್ತಕ್ಷರಗಳನ್ನು ಮಿತವಾಗಿ ಬಳಸಿ, ವಿಜಾತೀಯವನ್ನು ಪೂರ್ತಿ ಬಿಡುವುದು ಸರಿಯಾದ ದಾರಿ.

2. ಉತ್ತರಗಳನ್ನು ಮೊದಲು ತೀರ್ಮಾನಿಸಿ

ಕಥೆ ಬರೆದು ಮುಗಿಸಿ ಆಮೇಲೆ ಪ್ರಶ್ನೆ ಹುಡುಕಲು ಕುಳಿತರೆ ಕೇಳಲು ಏನೂ ಸಿಗುವುದಿಲ್ಲ, ಅಥವಾ ಸಿಕ್ಕಿದ ಪ್ರಶ್ನೆಗೆ ಕಥೆಯಲ್ಲಿ ಸ್ಪಷ್ಟವಾದ ಉತ್ತರ ಇರುವುದಿಲ್ಲ. ‘ಒಂದು ದಿನ ಕಾಡಿನಲ್ಲಿ ಪ್ರಾಣಿಗಳೆಲ್ಲ ಸಂತೋಷವಾಗಿದ್ದವು’ ಎಂಬ ಬಗೆಯ ಕಥೆಗಳ ತೊಂದರೆ ಇದೇ. ಯಾರು ಎಂದು ಕೇಳಿದರೆ ಎಲ್ಲರೂ, ಎಲ್ಲಿ ಎಂದು ಕೇಳಿದರೆ ಎಲ್ಲ ಕಡೆಯೂ, ಏನಾಯಿತು ಎಂದು ಕೇಳಿದರೆ ಏನೂ ಆಗಲಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ‘ಯಾರು’, ‘ಎಲ್ಲಿ’, ‘ಏನಾಯಿತು’ ಎಂದು ಮೂರು ಸಾಲು ಎಳೆದು ಮೊದಲು ಅವನ್ನು ತುಂಬಿ.

ನಮ್ಮ ಕಥೆಗೆ ನಾನು ಹೀಗೆ ತುಂಬಿದ್ದೇನೆ. ಯಾರು ಎಂಬಲ್ಲಿ ಅಜ್ಜ ಮತ್ತು ಮೊಮ್ಮಗಳು ಕಮಲ; ಇಬ್ಬರೇ ಸಾಕು, ಮೂರನೆಯವರು ಬಂದರೆ ಮಾತು ಯಾರದು ಎಂಬ ಗೊಂದಲ ಶುರುವಾಗುತ್ತದೆ. ಎಲ್ಲಿ ಎಂಬಲ್ಲಿ ಜಗಲಿ, ಗಾಡಿಯ ಕೆಳಗೆ, ಬಾವಿಯ ಬಳಿ, ಮರದ ಕೆಳಗೆ. ಇವೆಲ್ಲ ಒಂದೇ ಮನೆಯ ಅಂಗಳದಲ್ಲಿರುವ ಜಾಗಗಳು, ಚಿತ್ರದಲ್ಲಿ ಒಂದನ್ನೊಂದು ಹೋಲುವುದಿಲ್ಲ. ಏನಾಯಿತು ಎಂಬಲ್ಲಿ, ಅಜ್ಜ ಮಲಗಿದಾಗ ಗಾಳಿಗೆ ಟೋಪಿ ಹಾರಿತು, ಕಮಲ ಹುಡುಕಿದಳು, ಟೋಪಿಯ ಒಳಗೆ ಕೋಳಿ ಮರಿ ಸಿಕ್ಕಿತು. ಒಂದು ಕಾರಣ, ಒಂದು ಹುಡುಕಾಟ, ಒಂದು ಅಚ್ಚರಿ. ಆರು ಪುಟದ ಕಥೆಗೆ ಇದಕ್ಕಿಂತ ಹೆಚ್ಚಿನ ಘಟನೆ ಹೊರಲು ಆಗುವುದಿಲ್ಲ.

ಹುಡುಕುವ ಕಥೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಹುಡುಕುವಾಗ ಅದೇ ವಾಕ್ಯ ಬೇರೆ ಬೇರೆ ಜಾಗದ ಹೆಸರಿನೊಂದಿಗೆ ಮರಳಿ ಬರುತ್ತದೆ. ಒಮ್ಮೆ ಕಷ್ಟಪಟ್ಟು ಓದಿದ ‘ಕೆಳಗೆ ನೋಡಿದಳು’ ಎಂಬ ಪದಗಳನ್ನು ಮಗು ಮತ್ತೆ ಕಂಡಾಗ ಸಲೀಸಾಗಿ ಓದುತ್ತದೆ, ಅದರ ಗಮನ ಹೊಸ ಪದವೊಂದರ ಮೇಲೆ ಮಾತ್ರ ಉಳಿಯುತ್ತದೆ.

3. ಆರು ಚಿತ್ರಗಳನ್ನು ಯೋಜಿಸಿ

ವಾಕ್ಯ ಬರೆಯುವ ಮೊದಲೇ ಪ್ರತಿ ಪುಟದಲ್ಲಿ ಏನು ಕಾಣಬೇಕು, ಏನು ಕಾಣಬಾರದು ಎಂಬ ಎರಡನ್ನೂ ಬರೆದುಕೊಳ್ಳಿ. ಕಾಣಬಾರದ್ದನ್ನು ಬರೆದುಕೊಳ್ಳದೆ ಹೋದರೆ ಚಿತ್ರ ಬಿಡಿಸುವವರು ಉತ್ಸಾಹದಿಂದ ಉತ್ತರವನ್ನೇ ಬಿಡಿಸಿಬಿಡುತ್ತಾರೆ.

ಮೊದಲ ಪುಟದಲ್ಲಿ ಅಜ್ಜ ಜಗಲಿಯ ಮೇಲೆ ಮಲಗಿದ್ದಾರೆ, ಟೋಪಿ ಗಾಳಿಯಲ್ಲಿ ಹಾರುತ್ತಿದೆ. ಅದು ಎಲ್ಲಿ ಬಿತ್ತು ಎಂಬುದು ಕಾಣಬಾರದು. ಅಂಗಳದಲ್ಲಿ ಒಂದು ಕೋಳಿ ಮತ್ತು ಮೂರು ಮರಿಗಳಿರಲಿ. ಎರಡನೆಯ ಪುಟದಲ್ಲಿ ಅಜ್ಜ ಬೋಳು ತಲೆಯ ಮೇಲೆ ಕೈಯಿಟ್ಟು ಕಮಲಳನ್ನು ನೋಡುತ್ತಿದ್ದಾರೆ. ಮೂರನೆಯದರಲ್ಲಿ ಕಮಲ ಎತ್ತಿನ ಗಾಡಿಯ ಕೆಳಗೆ ಬಗ್ಗಿದ್ದಾಳೆ, ನಾಲ್ಕನೆಯದರಲ್ಲಿ ಬಾವಿಯ ಬಳಿ ನಿಂತಿದ್ದಾಳೆ. ಈ ಮೂರು ಪುಟಗಳಲ್ಲಿ ಟೋಪಿ ಎಲ್ಲಿಯೂ ಕಾಣಬಾರದು, ಕೋಳಿಯ ಜೊತೆ ಎರಡೇ ಮರಿಗಳಿರಬೇಕು. ಐದನೆಯದರಲ್ಲಿ ಮರದ ಕೆಳಗೆ ಟೋಪಿ ಮಗುಚಿ ಬಿದ್ದಿದೆ, ಅದರ ಸುತ್ತ ಅಲುಗಾಟ ತೋರಿಸುವ ಎರಡು ಗೆರೆಗಳಿವೆ, ಆದರೆ ಮರಿ ಕಾಣಬಾರದು. ಆರನೆಯದರಲ್ಲಿ ಅಜ್ಜನ ಕೈಯಲ್ಲಿ ಟೋಪಿ, ನೆಲದ ಮೇಲೆ ಮರಿ.

ಮೂರನೆಯ ಮರಿಯ ಸಂಗತಿಯನ್ನು ಪಠ್ಯದಲ್ಲಿ ಎಲ್ಲಿಯೂ ಹೇಳುವುದಿಲ್ಲ. ಚಿತ್ರವನ್ನು ಗಮನಿಸುವ ಮಗು ಎರಡನೆಯ ಓದಿನಲ್ಲಿ ‘ಇಲ್ಲಿ ಎರಡೇ ಇವೆ!’ ಎಂದು ತಾನಾಗಿ ಕಂಡುಕೊಳ್ಳುತ್ತದೆ. ಪಠ್ಯದ ಮಾತನ್ನೇ ಚಿತ್ರವೂ ಹೇಳುತ್ತಾ ಹೋದರೆ ಮಗುವಿಗೆ ಚಿತ್ರ ನೋಡುವ ಕೆಲಸ ಉಳಿಯುವುದಿಲ್ಲ, ಆದ್ದರಿಂದ ಇಂಥ ಒಂದು ಗುಟ್ಟನ್ನು ಚಿತ್ರಕ್ಕೇ ಮೀಸಲಿಡುವುದು ನನಗೆ ಬಹಳ ಇಷ್ಟ.

ಚಿತ್ರ ಬಿಡಿಸಲು ಬಾರದಿದ್ದರೂ ಹೆದರಬೇಕಿಲ್ಲ, ಕಡ್ಡಿಗೊಂಬೆಗಳಂಥ ಸರಳ ರೇಖೆಗಳೂ ಸಾಕು. ಆದರೆ ಕಮಲಳ ಕೆಂಪು ಲಂಗ ಮತ್ತು ಅಜ್ಜನ ಬಿಳಿ ಪಂಚೆ ಎಲ್ಲ ಪುಟಗಳಲ್ಲಿಯೂ ಒಂದೇ ರೀತಿ ಇರಬೇಕು. ಮೂರನೆಯ ಪುಟದಲ್ಲಿ ಲಂಗದ ಬಣ್ಣ ಬದಲಾದರೆ ಆರು ವರ್ಷದ ಮಗು ಬೇರೊಬ್ಬ ಹುಡುಗಿ ಬಂದಳೆಂದೇ ತಿಳಿಯುತ್ತದೆ, ಆಗ ‘ಯಾರು ನೋಡಿದರು?’ ಎಂಬ ಪ್ರಶ್ನೆಗೆ ತಪ್ಪು ಉತ್ತರ ಬಂದರೆ ಆ ತಪ್ಪು ಚಿತ್ರದ್ದು.

ಪುಟಗಳನ್ನು ಜೋಡಿಸುವಾಗ ಒಂದು ಎಚ್ಚರ. ಹಾಳೆಗಳನ್ನು ನಡುವೆ ಮಡಿಸಿ, ಹೊರಗಿನ ಪುಟವನ್ನು ಮುಖಪುಟ ಮಾಡಿ, ಅದರ ಹಿಂಬದಿಯಿಂದ ಕಥೆ ಆರಂಭಿಸಿದರೆ ಐದನೆಯ ಮತ್ತು ಆರನೆಯ ಪುಟಗಳು ಎದುರುಬದುರಾಗಿ ಬರುತ್ತವೆ. ಟೋಪಿ ಏಕೆ ಅಲುಗಿತು ಎಂದು ಮಗು ಯೋಚಿಸುವ ಮೊದಲೇ ಕೋಳಿ ಮರಿ ಕಣ್ಣಿಗೆ ಬಿದ್ದಿರುತ್ತದೆ. ಹಾಳೆಯ ಒಂದೇ ಬದಿಗೆ ಬರೆದು, ಎಡಗಡೆಯ ಅಂಚಿನಲ್ಲಿ ಹೊಲಿದರೆ ಈ ತೊಂದರೆ ಇಲ್ಲ.

4. ವಾಕ್ಯಗಳನ್ನು ಬರೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು. ಕನ್ನಡದಲ್ಲಿ ವಾಕ್ಯದ ಕಷ್ಟವನ್ನು ಪದಗಳ ಸಂಖ್ಯೆಯಿಂದ ಮಾತ್ರ ಅಳೆಯಲು ಬರುವುದಿಲ್ಲ, ಏಕೆಂದರೆ ನಮ್ಮಲ್ಲಿ ಪದಗಳಿಗೆ ಪ್ರತ್ಯಯಗಳು ಅಂಟುತ್ತಾ ಹೋಗುತ್ತವೆ, ಸಂಧಿಯಾಗಿ ಎರಡು ಮೂರು ಪದಗಳು ಒಂದೇ ಆಗುತ್ತವೆ. ‘ಮರದಡಿಯಲ್ಲಿದ್ದುದನ್ನು ನೋಡಿದಳು’ ಎಂಬುದು ಎರಡೇ ಪದಗಳ ವಾಕ್ಯ. ಆದರೆ ಅದರ ಮೊದಲ ಪದದಲ್ಲಿಯೇ ಒಂಬತ್ತು ಅಕ್ಷರಗಳೂ ಮೂರು ಒತ್ತಕ್ಷರಗಳೂ ಇವೆ. ಆದ್ದರಿಂದ ಪದಗಳ ಜೊತೆಗೆ ಅಕ್ಷರಗಳನ್ನೂ ಎಣಿಸಿ. ಒಂದು ಪದಕ್ಕೆ ನಾಲ್ಕು ಅಕ್ಷರ, ಅನಿವಾರ್ಯವಾದರೆ ಐದು. ಬಿಡಿಸಬಹುದಾದ ಕಡೆ ಸಂಧಿಯನ್ನು ಬಿಡಿಸಿ: ‘ಇಲ್ಲಿಲ್ಲ’ ಎನ್ನುವ ಬದಲು ‘ಇಲ್ಲಿ ಇಲ್ಲ’, ‘ಎಲ್ಲಿತ್ತು’ ಎನ್ನುವ ಬದಲು ‘ಎಲ್ಲಿ ಇತ್ತು’. ‘ಏನಾಯಿತು’ ಎಂಬಂತೆ ಮಗುವಿನ ಬಾಯಿಯಲ್ಲಿ ಒಂದೇ ಪದವಾಗಿ ನಿಂತುಹೋಗಿರುವುದನ್ನು ಮಾತ್ರ ಹಾಗೆಯೇ ಬಿಡಬಹುದು.

ಎರಡನೆಯ ನಿಯಮ ಕಾಲಕ್ಕೆ ಸಂಬಂಧಿಸಿದ್ದು. ಬರೆಹದ ಕನ್ನಡದ ವರ್ತಮಾನಕಾಲದಲ್ಲಿ ‘ನೋಡುತ್ತಾಳೆ’, ‘ಹಾರುತ್ತದೆ’ ಎಂದು ಪ್ರತಿಯೊಂದು ಕ್ರಿಯಾಪದಕ್ಕೂ ಒತ್ತಕ್ಷರ ಬರುತ್ತದೆ. ಭೂತಕಾಲದಲ್ಲಿ ‘ನೋಡಿದಳು’, ‘ಹಾರಿತು’, ‘ಕೇಳಿದರು’ ಎಂದಾಗ ಒತ್ತಕ್ಷರ ಇಲ್ಲ, ಪದವೂ ಉದ್ದವಾಗುವುದಿಲ್ಲ. ಕಥೆಯನ್ನು ಭೂತಕಾಲದಲ್ಲಿ ಹೇಳಿದರೆ ಕಷ್ಟದ ದೊಡ್ಡ ಪಾಲು ತಾನಾಗಿಯೇ ಇಳಿದುಹೋಗುತ್ತದೆ. ಎದ್ದರು, ಬಿದ್ದಿತು, ಕೊಟ್ಟಳು, ನಕ್ಕಳು ಎಂಬಂಥ ಕೆಲವು ಕ್ರಿಯಾಪದಗಳು ಭೂತಕಾಲದಲ್ಲಿಯೂ ಒತ್ತಕ್ಷರ ಪಡೆಯುತ್ತವೆ. ಅವೆಲ್ಲ ಸಜಾತೀಯವೇ ಆಗಿರುವುದರಿಂದ ಕಥೆಯಲ್ಲಿ ಎರಡು ಮೂರು ಬಂದರೆ ಅಡ್ಡಿಯಿಲ್ಲ.

ಜಾಗವನ್ನು ಹೇಳುವಾಗಲೂ ಇದೇ ಉಪಾಯ. ‘ಅಂಗಳದಲ್ಲಿ’, ‘ತೋಟದಲ್ಲಿ’ ಎಂಬ ರೂಪಕ್ಕಿಂತ ‘ಜಗಲಿಯ ಮೇಲೆ’, ‘ಗಾಡಿಯ ಕೆಳಗೆ’, ‘ಬಾವಿಯ ಬಳಿ’ ಎಂಬ ರೂಪಗಳು ಓದಲು ಸುಲಭ. ಇವು ಚಿತ್ರದಲ್ಲಿಯೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ, ಏಕೆಂದರೆ ಮೇಲೆ, ಕೆಳಗೆ, ಬಳಿ, ಒಳಗೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ವರ್ಣನೆಯನ್ನು ಬಿಡಿ. ಟೋಪಿ ಬಿಳಿಯದು, ಮರ ಮಾವಿನದು, ಗಾಡಿ ಹಳೆಯದು ಎಂಬುದೆಲ್ಲ ಚಿತ್ರದಲ್ಲಿದೆ. ಪಠ್ಯದ ಅಮೂಲ್ಯವಾದ ಅರವತ್ತೈದು ಪದಗಳನ್ನು ಕ್ರಿಯೆಗೂ ಮಾತಿಗೂ ಉಳಿಸಿಕೊಳ್ಳಿ.

5. ಮಾತುಗಳನ್ನು ಸೇರಿಸಿ

ಸಂಭಾಷಣೆಯಲ್ಲಿ ಮಗು ಎಡವುವುದು ಮುಖ್ಯವಾಗಿ ‘ಇದನ್ನು ಯಾರು ಹೇಳಿದರು’ ಎಂಬಲ್ಲಿ. ದೊಡ್ಡವರ ಕಥೆಗಳಲ್ಲಿ ಮಾತು ಮೊದಲು ಬಂದು, ‘ಎಂದಳು’, ‘ಎಂದರು’ ಎಂಬುದು ಕೊನೆಗೆ ಬರುತ್ತದೆ. ನಿಧಾನವಾಗಿ ಓದುವ ಮಗು ಮಾತಿನ ಕೊನೆಗೆ ಬಂದು ಮಾತನಾಡಿದವರ ಹೆಸರು ಕಾಣುವಷ್ಟರಲ್ಲಿ ಮಾತನ್ನೇ ಮರೆತಿರುತ್ತದೆ. ಆದ್ದರಿಂದ ಮಾತನಾಡುವವರ ಹೆಸರನ್ನು ಮೊದಲು ಒಂದು ಸಾಲಿನಲ್ಲಿ ಬರೆದು, ಮಾತನ್ನು ಉದ್ಧರಣ ಚಿಹ್ನೆಯೊಳಗೆ ಮುಂದಿನ ಸಾಲಿನಲ್ಲಿ ಬರೆಯಿರಿ. ಒಂದು ಪುಟಕ್ಕೆ ಒಬ್ಬರ ಮಾತು ಮಾತ್ರ ಇರಲಿ, ಚಿತ್ರದಲ್ಲಿ ಅವರದೇ ಬಾಯಿ ತೆರೆದಿರಲಿ.

ಮಾತು ಬರೆಹದ ಕನ್ನಡದಲ್ಲಿರಬೇಕೋ ಆಡುಮಾತಿನಲ್ಲಿರಬೇಕೋ ಎಂದು ಅನೇಕರು ಕೇಳುತ್ತಾರೆ. ‘ನಾನು ನೋಡುತ್ತೇನೆ’ ಎಂದು ಯಾವ ಮಗುವೂ ಮನೆಯಲ್ಲಿ ಹೇಳುವುದಿಲ್ಲ, ‘ನೋಡ್ತೀನಿ’ ಎಂದು ಬರೆದರೆ ಕಷ್ಟದ ವಿಜಾತೀಯ ಒತ್ತಕ್ಷರ ಬರುತ್ತದೆ, ಅದೂ ಒಂದೊಂದು ಸೀಮೆಯಲ್ಲಿ ಒಂದೊಂದು ರೂಪ. ಈ ಇಕ್ಕಟ್ಟಿನಿಂದ ಪಾರಾಗಲು ಎರಡೂ ಕಡೆ ಒಂದೇ ಆಗಿರುವ ಮಾತುಗಳನ್ನು ಆರಿಸಿಕೊಳ್ಳುವುದು ಮೇಲು. ‘ನನ್ನ ಟೋಪಿ ಎಲ್ಲಿ?’, ‘ಇಲ್ಲಿ ಇಲ್ಲ’, ‘ಬೇಗ ಬಾ!’ ಇವು ಬರೆಹದಲ್ಲಿಯೂ ಸರಿ, ಬಾಯಿಯಲ್ಲಿಯೂ ಸಹಜ.

ಮರ್ಯಾದೆಯ ರೂಪದ ಬಗ್ಗೆಯೂ ನಿರ್ಧಾರ ಬೇಕು. ಕಥೆ ಹೇಳುವವರು ‘ಅಜ್ಜ ಕೇಳಿದರು’ ಎನ್ನುತ್ತಾರೆ, ಮೊಮ್ಮಗಳು ‘ಅಜ್ಜಾ, ಬೇಗ ಬಾ’ ಎನ್ನುತ್ತಾಳೆ. ಬಹಳ ಮನೆಗಳಲ್ಲಿ ಇದು ಸಹಜ, ನಾನು ಇದನ್ನೇ ಇಟ್ಟುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ ಮಕ್ಕಳು ಅಜ್ಜನಿಗೆ ‘ಬನ್ನಿ’ ಎನ್ನುವುದಾದರೆ ಹಾಗೆಯೇ ಬರೆಯಿರಿ. ಆದರೆ ಒಂದು ಪುಟದಲ್ಲಿ ‘ಕೇಳಿದ’, ಇನ್ನೊಂದರಲ್ಲಿ ‘ಕೇಳಿದರು’ ಎಂದು ಬೆರೆಸಬೇಡಿ. ಮಗು ಇಬ್ಬರು ಅಜ್ಜಂದಿರಿದ್ದಾರೆಂದು ತಿಳಿಯಬಹುದು.

ಈ ನಿಯಮಗಳನ್ನು ಅನುಸರಿಸಿ ಬರೆದ ಕಥೆ ಹೀಗಿದೆ.

ಟೋಪಿ ಎಲ್ಲಿ?

*ಪುಟ 1*
ಅಜ್ಜ ಜಗಲಿಯ ಮೇಲೆ ಮಲಗಿದರು.
ಗಾಳಿ ಬೀಸಿತು.
ಅಜ್ಜನ ಟೋಪಿ ಹಾರಿತು.

*ಪುಟ 2*
ಅಜ್ಜ ಎದ್ದರು.
ಅಜ್ಜ ಕೇಳಿದರು,
“ಕಮಲಾ, ನನ್ನ ಟೋಪಿ ಎಲ್ಲಿ?”

*ಪುಟ 3*
ಕಮಲ ಗಾಡಿಯ ಕೆಳಗೆ ನೋಡಿದಳು.
ಕಮಲ ಹೇಳಿದಳು,
“ಅಜ್ಜಾ, ಟೋಪಿ ಇಲ್ಲಿ ಇಲ್ಲ.”

*ಪುಟ 4*
ಕಮಲ ಬಾವಿಯ ಬಳಿ ನೋಡಿದಳು.
ಕಮಲ ಹೇಳಿದಳು,
“ಅಜ್ಜಾ, ಟೋಪಿ ಇಲ್ಲಿ ಇಲ್ಲ.”

*ಪುಟ 5*
ಕಮಲ ಮರದ ಕೆಳಗೆ ನೋಡಿದಳು.
ಟೋಪಿ ಅಲುಗಿತು!
ಕಮಲ ಕೂಗಿದಳು,
“ಅಜ್ಜಾ, ಬೇಗ ಬಾ!”

*ಪುಟ 6*
ಅಜ್ಜ ಟೋಪಿ ಎತ್ತಿದರು.
ಒಳಗೆ ಕೋಳಿ ಮರಿ!
ಅಜ್ಜ ಹೇಳಿದರು,
“ಮರಿ, ಇದು ನನ್ನ ಟೋಪಿ.
ನಿನ್ನ ಮನೆ ಅಲ್ಲ!”
ಕಮಲ ನಕ್ಕಳು.

ಒಟ್ಟು ಅರವತ್ತೈದು ಪದಗಳು. ಯಾವ ವಾಕ್ಯದಲ್ಲಿಯೂ ನಾಲ್ಕಕ್ಕಿಂತ ಹೆಚ್ಚು ಪದಗಳಿಲ್ಲ. ಮಾತನ್ನು ಬೇರೆ ಸಾಲಿಗೆ ಇಳಿಸಿರುವುದರಿಂದ ಅದನ್ನು ಬೇರೆ ವಾಕ್ಯವೆಂದೇ ಎಣಿಸಿದ್ದೇನೆ. ಅತಿ ಉದ್ದದ ಪದ ‘ಮಲಗಿದರು’. ವಿಜಾತೀಯ ಒತ್ತಕ್ಷರ ಒಂದೂ ಇಲ್ಲ, ಅನುಸ್ವಾರವಿಲ್ಲ, ಖ, ಘ, ಧ, ಭ ಮೊದಲಾದ ಮಹಾಪ್ರಾಣಾಕ್ಷರಗಳೂ ಇಲ್ಲ. ‘ಹುಡುಕಿದಳು’ ಎಂಬ ಪದ ಅರ್ಥಕ್ಕೆ ಹೆಚ್ಚು ಒಪ್ಪುತ್ತಿತ್ತಾದರೂ ಎರಡು ಉಕಾರಗಳು ಒಟ್ಟಿಗೆ ಬರುವುದನ್ನು ತಪ್ಪಿಸಿ, ಹೆಚ್ಚು ಪರಿಚಿತವಾದ ‘ನೋಡಿದಳು’ ಎಂಬುದನ್ನೇ ಇಟ್ಟಿದ್ದೇನೆ. ಕಥೆಯ ಹೆಸರನ್ನೂ ಗಮನಿಸಿ. ‘ಟೋಪಿಯೊಳಗಿನ ಕೋಳಿ ಮರಿ’ ಎಂದು ಹೆಸರಿಟ್ಟಿದ್ದರೆ ಕೊನೆಯ ಪ್ರಶ್ನೆಗೆ ಮುಖಪುಟವೇ ಉತ್ತರ ಹೇಳಿಬಿಡುತ್ತಿತ್ತು.

ಬರೆಯುವಾಗ ಅಥವಾ ಮುದ್ರಿಸುವಾಗ ಅಕ್ಷರಗಳು ದೊಡ್ಡದಾಗಿರಲಿ, ಕಂಪ್ಯೂಟರಿನಲ್ಲಾದರೆ 24ರ ಅಳತೆಗೆ ಕಡಿಮೆ ಬೇಡ. ಸಾಲುಗಳ ನಡುವೆ ಒಂದೂವರೆಯಿಂದ ಎರಡು ಪಟ್ಟು ಅಂತರ ಬಿಡಿ, ಏಕೆಂದರೆ ಒತ್ತಕ್ಷರ ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗಿದರೆ ಮಗುವಿಗೆ ಎರಡೂ ಓದಲು ಬರುವುದಿಲ್ಲ. ಪಠ್ಯವನ್ನು ಚಿತ್ರದ ಮೇಲೆ ಬರೆಯದೆ ಅದರ ಕೆಳಗಿನ ಬಿಳಿ ಜಾಗದಲ್ಲಿ ಬರೆಯಿರಿ.

6. ಪ್ರಶ್ನೆಗಳನ್ನು ರಚಿಸಿ

ಪ್ರಶ್ನೆಗಳು ಆರು ಸಾಕು, ಪ್ರತಿಯೊಂದು ಬಗೆಗೆ ಎರಡರಂತೆ. ಕಥೆಯಲ್ಲಿ ನಡೆದ ಕ್ರಮದಲ್ಲಿಯೇ ಅವು ಬರಲಿ.

1. ಅಜ್ಜ ಎಲ್ಲಿ ಮಲಗಿದರು?
2. ಗಾಳಿ ಬೀಸಿತು. ಆಮೇಲೆ ಏನಾಯಿತು?
3. “ನನ್ನ ಟೋಪಿ ಎಲ್ಲಿ?” ಯಾರು ಕೇಳಿದರು?
4. ಗಾಡಿಯ ಕೆಳಗೆ ಯಾರು ನೋಡಿದರು?
5. ಟೋಪಿ ಎಲ್ಲಿ ಇತ್ತು? (ಗಾಡಿಯ ಕೆಳಗೆ / ಬಾವಿಯ ಬಳಿ / ಮರದ ಕೆಳಗೆ)
6. ಅಜ್ಜ ಟೋಪಿ ಎತ್ತಿದರು. ಆಗ ಏನಾಯಿತು?

ಪ್ರಶ್ನೆಯ ಪದಗಳು ಕಥೆಯ ಪದಗಳೇ ಆಗಿರಬೇಕು. ‘ಶಕಟದ ಅಡಿಯಲ್ಲಿ ಶೋಧಿಸಿದವರು ಯಾರು?’ ಎಂದು ಯಾರೂ ಕೇಳುವುದಿಲ್ಲ, ಆದರೆ ‘ಗಾಡಿಯ ಕೆಳಗೆ ಹುಡುಕಿದವರು ಯಾರು?’ ಎಂದು ಪಠ್ಯಪುಸ್ತಕದ ರೂಢಿಯಲ್ಲಿ ಬಹಳ ಮಂದಿ ಬರೆಯುತ್ತಾರೆ. ‘ಹುಡುಕಿದವರು’ ಎಂಬುದು ಕ್ರಿಯಾಪದದಿಂದ ಹುಟ್ಟಿದ ನಾಮಪದ. ಅದನ್ನು ಬಿಡಿಸಿಕೊಳ್ಳುವುದೇ ಮಗುವಿಗೆ ಒಂದು ಬೇರೆ ಪರೀಕ್ಷೆಯಾಗುತ್ತದೆ. ‘ಯಾರು ನೋಡಿದರು?’ ಎಂಬ ನೇರ ರೂಪವೇ ಉತ್ತಮ.

‘ಯಾರು’ ಎಂಬ ಪ್ರಶ್ನೆಯನ್ನು ಅಜ್ಜ ಮತ್ತು ಕಮಲರ ಬಗ್ಗೆ ಮಾತ್ರ ಕೇಳಿ. ಕೋಳಿ ಮರಿಯ ಬಗ್ಗೆ ‘ಟೋಪಿಯ ಒಳಗೆ ಯಾರು ಇದ್ದರು?’ ಎಂದು ಕೇಳಿದರೆ ಮಗು ಮನುಷ್ಯರನ್ನು ಹುಡುಕುತ್ತದೆ, ಏಕೆಂದರೆ ಈ ಕಥೆಯಲ್ಲಿ ಮರಿ ಮಾತನಾಡುವುದಿಲ್ಲ. ಪ್ರಾಣಿಗಳೇ ಮಾತನಾಡುವ ಕಥೆಯಲ್ಲಾದರೆ ಅವುಗಳಿಗೂ ‘ಯಾರು’ ಸಲ್ಲುತ್ತದೆ.

ಐದನೆಯ ಪ್ರಶ್ನೆಗೆ ಮೂರು ಆಯ್ಕೆಗಳನ್ನು ಕೊಟ್ಟಿರುವುದನ್ನು ನೋಡಿ. ಮೂರೂ ಜಾಗಗಳು ಕಥೆಯಲ್ಲಿ ಬರುತ್ತವೆ, ಮೂರು ಜಾಗಗಳಲ್ಲಿಯೂ ಕಮಲ ನೋಡಿದ್ದಾಳೆ, ಆದ್ದರಿಂದ ಕಥೆ ಅರ್ಥವಾದ ಮಗು ಮಾತ್ರ ಸರಿಯಾದುದನ್ನು ಗುರುತಿಸುತ್ತದೆ. ‘ಗಾಡಿಯ ಕೆಳಗೆ / ಆಕಾಶದ ಮೇಲೆ / ಮರದ ಕೆಳಗೆ’ ಎಂದು ಕೊಟ್ಟಿದ್ದರೆ ಒಂದು ಆಯ್ಕೆ ವ್ಯರ್ಥವಾಗುತ್ತಿತ್ತು. ‘ಟೋಪಿ ಮರದ ಕೆಳಗೆ ಇತ್ತೇ?’ ಎಂಬ ಹೌದು-ಇಲ್ಲ ಪ್ರಶ್ನೆಗಳನ್ನು ಬಿಟ್ಟುಬಿಡಿ, ಕಥೆ ಓದದ ಮಗುವೂ ಅರ್ಧದಷ್ಟು ಸಲ ಸರಿಯಾಗಿ ಹೇಳುತ್ತದೆ.

ಕಥೆಯಿಂದ ಏನು ಕಲಿತೆ ಎಂಬ ನೀತಿಯ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ. ಟೋಪಿ ಹಾರಿತು, ಸಿಕ್ಕಿತು. ಇದರಲ್ಲಿ ನೀತಿಯನ್ನು ಹುಡುಕಿಸಿದರೆ ಮಗು ನಮ್ಮನ್ನು ಮೆಚ್ಚಿಸಲು ‘ಸುಳ್ಳು ಹೇಳಬಾರದು’ ಎಂದು ಏನಾದರೊಂದು ಹೇಳುತ್ತದೆ. ‘ಟೋಪಿ ಏಕೆ ಅಲುಗಿತು?’ ಎಂಬುದು ಒಳ್ಳೆಯ ಪ್ರಶ್ನೆ, ಆದರೆ ಅದರ ಉತ್ತರ ಯಾವ ಸಾಲಿನಲ್ಲಿಯೂ ನೇರವಾಗಿ ಇಲ್ಲ. ಅದನ್ನೂ ಮೂರನೆಯ ಮರಿಯ ಗುಟ್ಟನ್ನೂ ಬಾಯಿಮಾತಿನ ಹರಟೆಗೆ ಇಟ್ಟುಕೊಳ್ಳಿ, ಅಂಕ ಕೊಡಬೇಡಿ.

ಉತ್ತರವನ್ನು ಬರೆಯಿಸುವುದಕ್ಕಿಂತ ಹೇಳಿಸುವುದು ಅಥವಾ ಚಿತ್ರದಲ್ಲಿ ಬೆರಳಿಟ್ಟು ತೋರಿಸಲು ಹೇಳುವುದು ಒಳ್ಳೆಯದು. ಬರೆಯಿಸಿದರೆ, ಗೊತ್ತಿದ್ದೂ ಬರೆಯಲು ಬಾರದ ಮಗು ಮತ್ತು ಗೊತ್ತೇ ಇಲ್ಲದ ಮಗು ಎರಡೂ ಒಂದೇ ರೀತಿ ಖಾಲಿ ಹಾಳೆ ಕೊಡುತ್ತವೆ. ‘ಕಮಲ’ ಎಂಬ ಒಂದೇ ಪದ ಪೂರ್ಣ ಉತ್ತರ. ‘ಗಾಡಿಯ ಕೆಳಗೆ ಕಮಲ ನೋಡಿದಳು’ ಎಂದು ಇಡೀ ವಾಕ್ಯ ಹೇಳು ಎಂದು ಒತ್ತಾಯಿಸಬೇಡಿ. ಉತ್ತರ ಕರ್ನಾಟಕದ ಮಗು ‘ಗಿಡದ ಬುಡಕ’ ಎಂದರೆ ಅದು ಸರಿಯಾದ ಉತ್ತರ, ಅಲ್ಲಿ ಮರಕ್ಕೂ ಗಿಡ ಎನ್ನುವುದುಂಟು. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ಲಂಬಾಣಿ ಮಾತನಾಡುವ ಮಗು ಆ ಭಾಷೆಯಲ್ಲಿ ಉತ್ತರಿಸಿದರೂ ಅದಕ್ಕೆ ಕಥೆ ಅರ್ಥವಾಗಿದೆ ಎಂದೇ ಲೆಕ್ಕ.

7. ಮಕ್ಕಳಿಗೆ ಓದಿಸಿ ಪರೀಕ್ಷಿಸಿ

ಕಥೆಯನ್ನು ಮೂರು ನಾಲ್ಕು ಮಕ್ಕಳಿಗೆ ಒಬ್ಬೊಬ್ಬರಾಗಿ ಓದಲು ಕೊಡಿ. ಓದಿಸುವ ಮೊದಲು ಚಿತ್ರಗಳನ್ನಷ್ಟೇ ತೋರಿಸಿ ಜಗಲಿ, ಗಾಡಿ, ಬಾವಿ ಎಂಬ ಹೆಸರುಗಳನ್ನು ಮಾತಿನಲ್ಲಿ ತನ್ನಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿಯೋ ಹೊರದೇಶದಲ್ಲಿಯೋ ಬೆಳೆಯುತ್ತಿರುವ ಮಗು ಜಗಲಿಯನ್ನು ಕಂಡೇ ಇರುವುದಿಲ್ಲ. ಕಾರು, ಸೋಫಾ, ಬಾಲ್ಕನಿ ಎಂಬುದೇ ಅದರ ಲೋಕವಾದರೆ ಜಾಗಗಳನ್ನು ಅದಕ್ಕೆ ತಕ್ಕಂತೆ ಬದಲಿಸಿ, ಆದರೆ ಅವುಗಳ ಒತ್ತಕ್ಷರಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ. ‘ಬಾಲ್ಕನಿ’ಯಲ್ಲಿ ವಿಜಾತೀಯ ಒತ್ತಕ್ಷರವಿದೆ, ‘ಸೋಫಾ’ದಲ್ಲಿ ಇಲ್ಲ.

ಮಗು ಓದುವಾಗ ನಿಮ್ಮ ಕೈಯಲ್ಲಿ ಕಥೆಯ ಇನ್ನೊಂದು ಪ್ರತಿ ಇರಲಿ. ಮಗು ತಪ್ಪಾಗಿ ಓದಿದ, ಅಥವಾ ನೀವು ಹೇಳಿಕೊಡಬೇಕಾಗಿ ಬಂದ ಪದಗಳ ಕೆಳಗೆ ಗೆರೆ ಎಳೆಯಿರಿ. ನಿಧಾನವಾಗಿ ಓದಿದ್ದು ತಪ್ಪಲ್ಲ, ತಾನೇ ತಿದ್ದಿಕೊಂಡದ್ದೂ ತಪ್ಪಲ್ಲ. ಹತ್ತು ಪದಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪಾಗುತ್ತಿದ್ದರೆ, ಅಂದರೆ ನಮ್ಮ ಕಥೆಯಲ್ಲಿ ಆರೇಳು ಪದಗಳನ್ನು ಮೀರಿದರೆ, ಆ ಮಗುವಿಗೆ ಕಥೆ ಸದ್ಯಕ್ಕೆ ಕಷ್ಟ ಎಂದರ್ಥ. ಅದಕ್ಕೆ ನೀವೇ ಓದಿ ಹೇಳಿ, ‘ಟೋಪಿ ಇಲ್ಲಿ ಇಲ್ಲ’ ಎಂದು ಮರುಕಳಿಸುವ ಸಾಲನ್ನು ಮಾತ್ರ ಅದರಿಂದ ಓದಿಸಿ. ಎಲ್ಲ ಮಕ್ಕಳೂ ಒಂದೇ ಪದದಲ್ಲಿ ಎಡವಿದರೆ ಆ ಪದವನ್ನು ಬದಲಿಸಿ. ಇಲ್ಲಿ ಅಂಥ ಅಪಾಯ ಹೆಚ್ಚಾಗಿರುವುದು ‘ಎತ್ತಿದರು’ ಎಂಬುದರಲ್ಲಿ, ಅದರ ಜಾಗದಲ್ಲಿ ‘ತೆಗೆದರು’ ಎಂದು ಬರೆದರೂ ಅರ್ಥ ಕೆಡುವುದಿಲ್ಲ.

ಪ್ರಶ್ನೆಗಳನ್ನು ಪರೀಕ್ಷಿಸಲು ಎರಡು ಸುಲಭ ದಾರಿಗಳಿವೆ. ಕಥೆ ಓದದ ಒಂದು ಮಗುವಿಗೆ ಪಠ್ಯವನ್ನು ಕಾಗದದಿಂದ ಮುಚ್ಚಿ ಚಿತ್ರಗಳನ್ನು ಮಾತ್ರ ತೋರಿಸಿ, ಆರೂ ಪ್ರಶ್ನೆಗಳನ್ನು ಕೇಳಿ. ಒಂದನೆಯ, ನಾಲ್ಕನೆಯ, ಐದನೆಯ ಪ್ರಶ್ನೆಗಳಿಗೆ ಅದು ಚಿತ್ರ ನೋಡಿಯೇ ಉತ್ತರಿಸಬಹುದು. ಚಿತ್ರದ ಆಸರೆ ಇರುವ ಕಥೆಯಲ್ಲಿ ಅದು ಇರಬೇಕಾದದ್ದೇ, ಇನ್ನೂ ಸರಾಗವಾಗಿ ಓದಲಾರದ ಮಗುವಿಗೂ ಒಂದೆರಡು ಉತ್ತರಗಳು ಸಿಗಬೇಕು. ಆದರೆ ಆರಕ್ಕೆ ಆರೂ ಉತ್ತರಗಳು ಬಂದರೆ ನಿಮ್ಮ ಪ್ರಶ್ನೆಗಳು ಓದನ್ನು ಅಳೆಯುತ್ತಿಲ್ಲ. ಆಗ ಮೂರನೆಯದರಂಥ, ಯಾವ ಮಾತನ್ನು ಯಾರು ಆಡಿದರು ಎಂಬ ಪ್ರಶ್ನೆ ಇನ್ನೊಂದನ್ನು ಸೇರಿಸಿ. ‘ಟೋಪಿ ಇಲ್ಲಿ ಇಲ್ಲ’ ಎಂಬುದನ್ನು ಯಾರು ಹೇಳಿದರು ಎಂದು ಕೇಳಬಹುದು.

ಇನ್ನೊಂದು ಮಗುವಿಗೆ ಚಿತ್ರಗಳನ್ನು ಮುಚ್ಚಿ ಪಠ್ಯವನ್ನು ಮಾತ್ರ ಓದಿ ಹೇಳಿ, ಅದೇ ಪ್ರಶ್ನೆಗಳನ್ನು ಕೇಳಿ. ಪಠ್ಯದಲ್ಲಿ ಉತ್ತರವೇ ಇಲ್ಲದ ಪ್ರಶ್ನೆಯೊಂದು ಉಳಿದುಕೊಂಡಿದ್ದರೆ ಅದು ಇಲ್ಲಿ ಬಯಲಾಗುತ್ತದೆ. ‘ಕಮಲಳ ಲಂಗ ಯಾವ ಬಣ್ಣದ್ದು?’ ಎಂಬುದು ಹಾಗೆ ಸಿಕ್ಕಿಬೀಳುವ ಪ್ರಶ್ನೆ. ಅಂಥದನ್ನು ತೆಗೆದುಹಾಕಿ, ಪ್ರಶ್ನೆಗಳನ್ನು ಕಥೆಯ ಹಿಂಬದಿಗೆ ಬರೆಯದೆ ಬೇರೊಂದು ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದುಕೊಡಿ. ಹಾಗೆ ಮಾಡಿದರೆ ಮಗು ಉತ್ತರಕ್ಕಾಗಿ ಕಥೆಯ ಪುಟಗಳನ್ನು ಮತ್ತೆ ತಿರುವಿ ನೋಡಬಹುದು, ಹಾಗೆ ನೋಡಲು ಅದಕ್ಕೆ ಅನುಮತಿ ಇದೆ ಎಂಬುದನ್ನು ಮೊದಲೇ ಹೇಳಿರಿ.